ಸಾಂತ್ವನದ ಪತ್ರವೂ ಕನ್ನಡದ ಮರ್ಯಾದೆಯೂ

ಕೋಗಿಲಿನ ಒಂದು ಮನೆಯಲ್ಲಿ ಕಳೆದ ವರ್ಷ ಯಜಮಾನರು ಹೃದಯಾಘಾತದಿಂದ ತೀರಿಕೊಂಡರು. ತಿಂಗಳ ಪೂಜೆಯ ದಿನ ಅವರ ಪತ್ನಿ ಎರಡು ಹಾಳೆಗಳನ್ನು ನನ್ನ ಕೈಗಿತ್ತರು. ಒಂದು, ಯಜಮಾನರು ದುಡಿಯುತ್ತಿದ್ದ ಸಂಸ್ಥೆಯ ಕಿರಿಯ ಅಧಿಕಾರಿಯೊಬ್ಬರು ಇಂಗ್ಲಿಷಿನಲ್ಲಿ ಬರೆದ ಪತ್ರ. ಇನ್ನೊಂದು, ನೆರೆಮನೆಯ ಕಾಲೇಜು ಹುಡುಗ ಮಾಡಿಕೊಟ್ಟ ಅದರ ಕನ್ನಡ ಅನುವಾದ. ಆ ತಾಯಿ ಕೇಳಿದ್ದು ಒಂದೇ ಮಾತು: "ಸ್ವಾಮಿ, ಇವರು ಕ್ಷಮೆ ಕೇಳಿದ್ದಾರೆ. ಹಾಗಾದರೆ ಅಲ್ಲಿ ನಮ್ಮೆಜಮಾನರಿಗೆ ಇವರೇನಾದರೂ ತಪ್ಪು ಮಾಡಿದ್ದರಾ?"

ಹುಡುಗನ ಅನುವಾದ ಹೀಗಿತ್ತು: "ಪ್ರಿಯ ಸೌಭಾಗ್ಯವತಿಯವರೇ, ನಿಮ್ಮ ನಷ್ಟಕ್ಕಾಗಿ ನಾನು ಕ್ಷಮೆ ಯಾಚಿಸುತ್ತೇನೆ. ಅವನು ಒಳ್ಳೆಯ ಕೆಲಸಗಾರನಾಗಿದ್ದನು. ನಾವು ಅವನನ್ನು ಕಳೆದುಕೊಳ್ಳುತ್ತೇವೆ. ಏನಾದರೂ ಬೇಕಾದರೆ ತಿಳಿಸಿ." ಹುಡುಗ ಶ್ರದ್ಧೆಯಿಂದಲೇ ಬರೆದಿದ್ದ. ಆದರೂ ಒಂದೊಂದು ಪದವೂ ಎಡವಿತ್ತು.

ಇಂಗ್ಲಿಷಿನ 'ಸಾರಿ' ಎಂಬ ಪದಕ್ಕೆ ತಪ್ಪೊಪ್ಪಿಗೆ ಮತ್ತು ಮರುಕ ಎಂಬ ಎರಡೂ ಅರ್ಥಗಳುಂಟು. ಕನ್ನಡದ 'ಕ್ಷಮೆ'ಗೆ ಮೊದಲನೆಯದು ಮಾತ್ರ. ಆದ್ದರಿಂದಲೇ ಆ ವಿಧವೆಯ ಮನಸ್ಸಿನಲ್ಲಿ ಇಲ್ಲದ ಸಂಶಯವೊಂದು ಒಂದು ತಿಂಗಳು ಬೆಳೆಯಿತು. 'ನಷ್ಟ' ನಮ್ಮಲ್ಲಿ ವ್ಯಾಪಾರದ ಮಾತು. ಮನುಷ್ಯರು ಹೋದರೆ ನಾವು 'ಅಗಲಿಕೆ' ಎನ್ನುತ್ತೇವೆ. 'ಸೌಭಾಗ್ಯವತಿ' ಎಂಬುದನ್ನು ಗಂಡನಿರುವ ಹೆಣ್ಣುಮಗಳಿಗೆ ಮಾತ್ರ ಬರೆಯುವುದು ರೂಢಿ. ಪತ್ರಲೇಖನದ ಪುಸ್ತಕದಿಂದ ಎತ್ತಿಕೊಂಡ ಆ ಗೌರವಸೂಚಕ ಇಲ್ಲಿ ಇರಿತವಾಯಿತು.

ಇನ್ನು 'ಅವನು.' ಇಂಗ್ಲಿಷಿನಲ್ಲಿ ಮಗುವಿಗೂ ಬಿಷಪರಿಗೂ ಒಂದೇ ಸರ್ವನಾಮ. ಕನ್ನಡದಲ್ಲಾದರೋ ಮರ್ಯಾದೆ ಕ್ರಿಯಾಪದದ ಒಳಗೇ ಕುಳಿತಿದೆ: ಇದ್ದನು, ಇದ್ದರು. ಇಂಗ್ಲಿಷ್ ತೀರ್ಮಾನಿಸದೆ ಬಿಟ್ಟದ್ದನ್ನು ಅನುವಾದಕನು ತೀರ್ಮಾನಿಸಲೇಬೇಕು. ಕಿರಿಯ ಅಧಿಕಾರಿಯು ಅರವತ್ತರ ಸಮೀಪದ ಹಿರಿಯರ ಬಗ್ಗೆ ಅವರ ಪತ್ನಿಗೆ ಬರೆಯುವಾಗ 'ಅವರು' ಎಂಬುದು ಅಲಂಕಾರವಲ್ಲ, ಸರಿಯಾದ ವ್ಯಾಕರಣ.

ಈ ತೊಡಕು ಹೊಸದೇನಲ್ಲ. ಸಂತ ಜೆರೋಮರು ಗ್ರೀಕ್ ಪತ್ರವೊಂದನ್ನು ಲ್ಯಾಟಿನ್ನಿಗೆ ತಂದಾಗ ವಿರೋಧಿಗಳು ಅವರನ್ನು ಸುಳ್ಳುಗಾರನೆಂದು ದೂರಿದರು. 'ಮಾನ್ಯ' ಎಂದಿರಬೇಕಾದಲ್ಲಿ 'ಪ್ರಿಯ' ಎಂದು ಬರೆದರೆಂಬುದೂ ಆ ದೂರುಗಳಲ್ಲೊಂದು! ಸುಮಾರು 395ರಲ್ಲಿ ಪಮ್ಮಾಕಿಯುಸರಿಗೆ ಬರೆದ ಪತ್ರದಲ್ಲಿ ಅವರು, ಪವಿತ್ರ ಗ್ರಂಥದ ಹೊರತು ಉಳಿದೆಡೆ ತಾವು ಪದಕ್ಕೆ ಪದವನ್ನಲ್ಲ, ಅರ್ಥಕ್ಕೆ ಅರ್ಥವನ್ನು ಕೊಡುವುದಾಗಿ ಉತ್ತರಿಸಿದರು.

ಹಾಗೆಂದು ಅನುವಾದಕನು ತನಗೆ ಹಿತವೆನಿಸಿದ್ದನ್ನೆಲ್ಲ ಸೇರಿಸಬಹುದೇ? ಕೂಡದು ಎಂಬುದು ನನ್ನ ಅಭಿಪ್ರಾಯ. ಆ ಅಧಿಕಾರಿ ದೇವರ ಮಾತನ್ನೇ ಎತ್ತಿರಲಿಲ್ಲ. ಅವರ ಪತ್ರದಲ್ಲಿ 'ಸ್ವರ್ಗಸ್ಥರಾದರು', 'ಪ್ರಭುವಿನಲ್ಲಿ ನಿದ್ರಿಸಿದರು' ಎಂದು ನಾವು ಬರೆದರೆ, ನಮ್ಮ ವಿಶ್ವಾಸವನ್ನು ಅವರ ಬಾಯಲ್ಲಿ ನುಡಿಸಿದಂತಾಗುತ್ತದೆ. 'ಲಿಂಗೈಕ್ಯ', 'ವೈಕುಂಠವಾಸಿ' ಎಂಬ ಮಾತುಗಳಿಗೂ ಅವುಗಳದೇ ಮನೆಗಳುಂಟು. 'ನಿಧನ' ಪತ್ರಿಕೆಗೆ ಒಪ್ಪುತ್ತದೆ. 'ಸತ್ತರು' ಕಿವಿಗೆ ಒರಟು. 'ತೀರಿಕೊಂಡರು', 'ಅಗಲಿದರು' ಎಂಬವು ಯಾವ ಧರ್ಮದವರ ಬಾಯಲ್ಲೂ ಸಲ್ಲುತ್ತವೆ. ಅಂತೆಯೇ, ಪರಿಚಯವಿಲ್ಲದ ಅಧಿಕಾರಿಯಿಂದ 'ತಾಯಿ' ಎಂದು ಕರೆಯಿಸುವುದೂ ಅತಿಯೇ; 'ಮಾನ್ಯರೇ' ಸಾಕು.

ಮೃದುವಾದ ಮಾತು ಸತ್ಯವನ್ನು ಮರೆಮಾಚುತ್ತದೆಂದು ಕೆಲವರು ಆಕ್ಷೇಪಿಸುವರು. ಯೊವಾನ್ನರ ಶುಭಸಂದೇಶದ ಹನ್ನೊಂದನೆಯ ಅಧ್ಯಾಯವನ್ನು ನೆನೆಯಿರಿ. ಲಾಜರನು ನಿದ್ರಿಸುತ್ತಿದ್ದಾನೆಂದು ಪ್ರಭು ಮೊದಲು ಹೇಳಿದರು. ಶಿಷ್ಯರು ಅದನ್ನು ಬರಿಯ ನಿದ್ರೆಯೆಂದು ಭಾವಿಸಿದಾಗ, ಅವನು ಸತ್ತನೆಂದು ಸ್ಪಷ್ಟವಾಗಿಯೇ ನುಡಿದರು. ಮೃದುತ್ವದ ಎಲ್ಲೆ ಅಲ್ಲಿದೆ: ಕೇಳುವವನು ತಪ್ಪು ತಿಳಿಯುವಂತಾದರೆ ನೇರ ಮಾತೇ ಕರುಣೆ. ಪಿಂಚಣಿ, ವಿಮೆ ಮುಂತಾದವುಗಳ ಪತ್ರಗಳಲ್ಲಿ ಮರಣದ ದಿನಾಂಕವನ್ನು 'ಮರಣ' ಎಂದೇ ಬರೆಯಬೇಕು.

ಆ ಸಂಜೆ ನಾವು ಹುಡುಗನನ್ನೂ ಕೂರಿಸಿಕೊಂಡು ಪತ್ರವನ್ನು ಮತ್ತೆ ಬರೆದೆವು: "ಮಾನ್ಯರೇ, ತಮ್ಮ ಯಜಮಾನರು ತೀರಿಕೊಂಡ ಸುದ್ದಿ ತಿಳಿದು ಬಹಳ ದುಃಖವಾಯಿತು. ಅವರು ಒಳ್ಳೆಯ ಕೆಲಸಗಾರರಾಗಿದ್ದರು. ಅವರಿಲ್ಲದ ಕೊರತೆ ನಮಗೆ ಕಾಣುತ್ತಲೇ ಇರುತ್ತದೆ. ನಮ್ಮಿಂದ ಆಗಬೇಕಾದ ಸಹಾಯವೇನಾದರೂ ಇದ್ದರೆ ದಯವಿಟ್ಟು ತಿಳಿಸಿರಿ." ಇಂಗ್ಲಿಷಿನಲ್ಲಿ ಇಲ್ಲದ ಸಂಗತಿಯೊಂದನ್ನೂ ಸೇರಿಸಲಿಲ್ಲ, ಇದ್ದುದನ್ನು ಬಿಡಲೂ ಇಲ್ಲ.

ಬರೆದಾದ ಮೇಲೆ ಅದನ್ನು ಗಟ್ಟಿಯಾಗಿ ಓದಿಸಿದೆ. ಮೌನವಾಗಿ ಓದುವಾಗ ಕಣ್ಣು ತಪ್ಪಿಸುವ 'ಅವನು' ಬಾಯಿಗೆ ಬಂದೊಡನೆ ಕಿವಿಗೆ ಚುಚ್ಚುತ್ತದೆ. ಆ ತಾಯಿ ಕೇಳಿ, ಕಣ್ಣೊರೆಸಿಕೊಂಡು, "ಹಾಗಾದರೆ ತಪ್ಪೇನೂ ಆಗಿಲ್ಲ, ದುಃಖಪಟ್ಟಿದ್ದಾರೆ, ಅಷ್ಟೇ" ಎಂದರು. ಹಳೆಯ ಹಾಳೆಯನ್ನು ಹುಡುಗನಿಗೆ ಹಿಂದಿರುಗಿಸಿ, ಹೊಸದನ್ನು ಮಡಿಚಿ ಜಪಸರದ ಚೀಲದಲ್ಲಿಟ್ಟುಕೊಂಡರು.