ಮೆಟ್ಟಿಲು ಯಾರದ್ದು? 'ಸ್ಟೇರ್‌ವೇ' ಕೇಸಿನ ಬಗ್ಗೆ ನಮ್ಮ ಒಂದು ಮಾತು

ಹಾಸ್ಟೆಲ್‌ನಲ್ಲಿ ಗಿಟಾರ್ ಇಟ್ಟುಕೊಂಡಿರೋ ಯಾವ ರೂಮಿಗೆ ಹೋದರೂ ಒಂದಲ್ಲ ಒಂದು ದಿನ ಈ ಜಗಳ ಕೇಳಿಸುತ್ತೆ. ಒಬ್ಬ ಲೆಡ್ ಝೆಪ್ಲಿನ್‌ನ 'ಸ್ಟೇರ್‌ವೇ ಟು ಹೆವನ್' ಶುರು ಮಾಡ್ತಾನೆ. ಇನ್ನೊಬ್ಬ ಫೋನ್ ತೆಗೆದು ಸ್ಪಿರಿಟ್ ಅನ್ನೋ ಬ್ಯಾಂಡಿನ 'ಟಾರಸ್' ಹಾಕಿ, "ನೋಡು, ಪೂರ್ತಿ ಕದ್ದಿದ್ದು" ಅಂತಾನೆ. ಮೊದಲ ಸಲ ಕೇಳಿದಾಗ ನಮಗೂ ಹಾಗೇ ಅನ್ನಿಸಿತ್ತು. ಆದರೆ ಅಮೆರಿಕದ ಕೋರ್ಟು 'ಕದ್ದಿಲ್ಲ' ಅಂತ ಹೇಳಿತು. ಹಾಗಾದರೆ ನಮ್ಮ ಕಿವಿ ಸುಳ್ಳಾ, ಕೋರ್ಟು ಸುಳ್ಳಾ? ಎರಡೂ ಪೂರ್ತಿ ಸುಳ್ಳಲ್ಲ ಅನ್ನೋದು ನಮ್ಮ ಅಭಿಪ್ರಾಯ. ತೀರ್ಪು ಸರಿ ಇದೆ, ಆದರೆ ಅಲ್ಲಿಗೆ ಹೋದ ದಾರಿಯಲ್ಲಿ ಒಂದು ಕಡೆ ನಮ್ಮ ತಕರಾರಿದೆ.

ಮೊದಲು ಕಥೆ. 'ಟಾರಸ್' ಮಾತಿಲ್ಲದ, ಬರೀ ವಾದ್ಯದ ಹಾಡು. ಬರೆದವನು ರ‍್ಯಾಂಡಿ ವುಲ್ಫ್, ವೇದಿಕೆಯ ಹೆಸರು ರ‍್ಯಾಂಡಿ ಕ್ಯಾಲಿಫೋರ್ನಿಯಾ. ಅದು ಬಿಡುಗಡೆಯಾಗಿದ್ದು 1968ರಲ್ಲಿ, 'ಸ್ಟೇರ್‌ವೇ' ಬಂದಿದ್ದು 1971ರಲ್ಲಿ. 1968ರ ಡಿಸೆಂಬರ್‌ನಲ್ಲಿ ಡೆನ್ವರ್‌ನಲ್ಲಿ ಎರಡೂ ಬ್ಯಾಂಡುಗಳು ಒಂದೇ ಕಾರ್ಯಕ್ರಮದಲ್ಲಿ ನುಡಿಸಿದ್ದವು. ತನ್ನ ಹಾಡಿಗೆ ಒಂದು ಥ್ಯಾಂಕ್ಸ್ ಕೂಡ ಬರಲಿಲ್ಲ ಅಂತ ಸಂದರ್ಶನವೊಂದರಲ್ಲಿ ಬೇಸರ ಹೇಳಿಕೊಂಡಿದ್ದ ರ‍್ಯಾಂಡಿ 1997ರಲ್ಲಿ ತೀರಿಕೊಂಡ. ಅವನ ಟ್ರಸ್ಟ್ ಪರವಾಗಿ ಕೇಸು ಬಿದ್ದಿದ್ದು 2014ರಲ್ಲಿ, ಲಾಸ್ ಏಂಜಲೀಸ್‌ನಲ್ಲಿ ವಿಚಾರಣೆ ನಡೆದಿದ್ದು 2016ರ ಜೂನ್‌ನಲ್ಲಿ.

ಇಂಥ ಕೇಸಿನಲ್ಲಿ ಕೋರ್ಟು ಕೇಳೋದು ಮುಖ್ಯವಾಗಿ ಎರಡು ಪ್ರಶ್ನೆ. ಒಂದು, ಎರಡನೆಯವನಿಗೆ ಮೊದಲ ಹಾಡು ಕೇಳುವ ಅವಕಾಶ ಇತ್ತಾ? ಎರಡು, ಕಾನೂನು ಕಾಪಾಡುವಂಥ ಭಾಗದಲ್ಲಿ ಎರಡೂ ಹಾಡು ಹೋಲುತ್ತವಾ? ಎರಡಕ್ಕೂ 'ಹೌದು' ಬಂದರೆ ಮಾತ್ರ ಕೇಸು ಮುಂದೆ ಹೋಗುತ್ತೆ.

ನಮ್ಮ ಹಾಸ್ಟೆಲ್ ಜಗಳ ಯಾವಾಗಲೂ ಮೊದಲ ಪ್ರಶ್ನೆಯಲ್ಲೇ ಮುಗಿದುಹೋಗುತ್ತೆ. "ಒಟ್ಟಿಗೆ ನುಡಿಸಿದ್ದಾರೆ ಮಾರಾಯ, ಕೇಳಿರಲ್ವಾ?" ಜ್ಯೂರಿಗೂ ಹಾಗೇ ಅನ್ನಿಸಿತು. ಗಿಟಾರಿಸ್ಟ್ ಜಿಮ್ಮಿ ಪೇಜ್ ಹತ್ತಿರ ಆ ಆಲ್ಬಂ ಇತ್ತು. ಕೇಸಿಗೆ ಮುಂಚೆ 'ಟಾರಸ್' ಕೇಳಿದ ನೆನಪಿಲ್ಲ ಅಂತ ಅವನು ಹೇಳಿದರೂ, ಕೇಳುವ ಅವಕಾಶ ಇತ್ತು ಅಂತಲೇ ಜ್ಯೂರಿ ತೀರ್ಮಾನಿಸಿತು. ಅಂದರೆ ಝೆಪ್ಲಿನ್ ಈ ಪ್ರಶ್ನೆಯಲ್ಲಿ ಸೋತಿತು. ಗೆದ್ದಿದ್ದು ಎರಡನೆಯದರಲ್ಲಿ. ಅದಕ್ಕೇ ಈ ಕೇಸು ಓದೋಕೆ ಚೆನ್ನಾಗಿದೆ.

ಎರಡನೇ ಪ್ರಶ್ನೆಯಲ್ಲಿ ಸಂಗೀತಶಾಸ್ತ್ರಜ್ಞರು ಮಾಡೋ ಕೆಲಸವನ್ನು ಲ್ಯಾಬ್ ರೆಕಾರ್ಡ್ ಇಟ್ಟುಕೊಂಡು ಹೇಳಬಹುದು. ಓಮ್ಸ್ ಲಾ ಪ್ರಯೋಗದ ರೆಕಾರ್ಡಿನಲ್ಲಿ ಉದ್ದೇಶ, ಬೇಕಾಗುವ ಸಾಮಾನು, ಸರ್ಕ್ಯೂಟ್, ಸೂತ್ರ ಇಡೀ ಕ್ಲಾಸಿನಲ್ಲಿ ಒಂದೇ ಇರುತ್ತೆ. ಅದು ಒಂದೇ ಥರ ಇದೆ ಅಂತ ಯಾರನ್ನೂ ಹಿಡಿಯೋಕಾಗಲ್ಲ. ಆದರೆ ಇಬ್ಬರ ರೀಡಿಂಗ್‌ನಲ್ಲಿ ಮೂರನೇ ದಶಮಾಂಶದವರೆಗೂ ಒಂದೇ ಅಂಕಿ ಇದ್ದರೆ, ಒಂದೇ ಜಾಗದಲ್ಲಿ ಒಂದೇ ತಪ್ಪಿದ್ದರೆ, ಮೇಡಂ ಇಬ್ಬರನ್ನೂ ಕರೆಸ್ತಾರೆ. ಶಾಸ್ತ್ರಜ್ಞರೂ ಹೀಗೇ ಮೊದಲು ಎಲ್ಲರ ರೆಕಾರ್ಡಿನಲ್ಲೂ ಇರೋದನ್ನ ಪಕ್ಕಕ್ಕಿಟ್ಟು, ಉಳಿದಿದ್ದನ್ನ ಹೋಲಿಸ್ತಾರೆ.

ಇದನ್ನ ನಾವು ಗಿಟಾರ್ ಮೇಲೆ ಮಾಡಿ ನೋಡಿದ್ವಿ, ನೀವೂ ಮಾಡಬಹುದು. 'ಸ್ಟೇರ್‌ವೇ' ಆರಂಭದಲ್ಲಿ ಕೆಳಗಿನ ಸ್ವರ ನಾಲ್ಕನೇ ತಂತಿಯಲ್ಲಿ 7, 6, 5, 4, 3ನೇ ಫ್ರೆಟ್ ಹೀಗೆ ಒಂದೊಂದೇ ಮೆಟ್ಟಿಲು ಇಳಿಯುತ್ತೆ. ಸ್ವರದ ಹೆಸರಲ್ಲಿ ಹೇಳೋದಾದರೆ ಎ, ಜಿ ಶಾರ್ಪ್, ಜಿ, ಎಫ್ ಶಾರ್ಪ್, ಎಫ್. 'ಟಾರಸ್' ಕೂಡ ಇದೇ ಎ ಮೈನರ್‌ನಲ್ಲಿ ಇದೇ ಥರ ಇಳಿಯುತ್ತೆ. "ಅಯ್ಯೋ ಒಂದೇ!" ಅಂತ ನಮ್ಮ ಕಿವಿ ಹಿಡಿದುಕೊಳ್ಳೋದು ಇದನ್ನೇ.

ಆದರೆ ಇದು ಸೂತ್ರದ ಭಾಗ. ಮೈನರ್ ಸ್ವರಸಮೂಹದಲ್ಲಿ ಹೀಗೆ ಅರ್ಧರ್ಧ ಹೆಜ್ಜೆ ಇಳಿಯೋದು ಮುನ್ನೂರು ವರ್ಷಕ್ಕಿಂತ ಹಳೆಯ ರೂಢಿ. 17ನೇ ಶತಮಾನದ ಪರ್ಸೆಲ್, 'ಡೈಡೋ ಅಂಡ್ ಈನಿಯಸ್' ಒಪೆರಾದ ದುಃಖದ ಹಾಡನ್ನು ಇಂಥದ್ದೇ ಇಳಿಯುವ ಸ್ವರಗಳ ಮೇಲೆ ಕಟ್ಟಿದ್ದ. 1964ರ 'ಮೇರಿ ಪಾಪಿನ್ಸ್' ಸಿನಿಮಾದ 'ಚಿಮ್ ಚಿಮ್ ಚೆರೀ'ಯಲ್ಲೂ ಇದಿದೆ, ಪೇಜ್ ಸಾಕ್ಷಿ ಹೇಳುವಾಗ ಆ ಹಾಡಿನ ಮಾತು ಬಂದಿತ್ತು. ಝೆಪ್ಲಿನ್ ಪರ ಬಂದಿದ್ದ ಸಂಗೀತಶಾಸ್ತ್ರಜ್ಞ ಲಾರೆನ್ಸ್ ಫೆರಾರಾ ವಾದದ ಸಾರವೂ ಇದೇ: ಇಳಿಯುವ ಸಾಲು ಎಲ್ಲರದ್ದು, ಅದನ್ನ ತೆಗೆದಿಟ್ಟ ಮೇಲೆ ಎರಡು ಹಾಡೂ ಬೇರೆ ಬೇರೆ.

ಟ್ರಸ್ಟ್ ಪರ ಬಂದ ಶಾಸ್ತ್ರಜ್ಞ ಅಲೆಕ್ಸಾಂಡರ್ ಸ್ಟೂವರ್ಟ್ ಸುಮ್ಮನೆ ಬಿಡಲಿಲ್ಲ. ಇಂಥ ಸಾಲುಗಳು ಸಾಮಾನ್ಯವಾಗಿ 'ಇ' ಸ್ವರದವರೆಗೂ ಇಳಿಯುತ್ತವೆ, ಈ ಎರಡು ಹಾಡು ಮಾತ್ರ 'ಇ' ಬಿಟ್ಟು ಮತ್ತೆ 'ಎ'ಗೆ ಹೋಗುತ್ತವೆ ಅಂದ. ಪ್ರತಿ ಸ್ವರ ನಿಲ್ಲುವ ಅವಧಿ, ಮೇಲೆ ಬರುವ ಎರಡೆರಡು ಸ್ವರದ ಜೋಡಿಗಳು, ಸಮನಾದ ನಡಿಗೆ ಎಲ್ಲವನ್ನೂ ಸೇರಿಸಿ ಐದು ಹೋಲಿಕೆ ಪಟ್ಟಿ ಮಾಡಿದ. ಇದು ಬರೀ 'ಕೇಳೋಕೆ ಒಂದೇ ಥರ ಇದೆ' ಅನ್ನೋದಕ್ಕಿಂತ ಎಷ್ಟೋ ಗಟ್ಟಿ ವಾದ. ಲ್ಯಾಬ್ ರೆಕಾರ್ಡಿನಲ್ಲಿ ಅದೇ ಜಾಗದ ಅದೇ ತಪ್ಪು ತೋರಿಸಿದ ಹಾಗೆ.

ಆದರೂ ನಮಗೆ ಯಾಕೆ ಅದು ಸಾಲಲಿಲ್ಲ ಅಂದರೆ, 'ಸ್ಟೇರ್‌ವೇ'ನಲ್ಲಿ ಕೆಳಗಿನ ಸ್ವರ ಇಳಿಯುತ್ತಿರುವಾಗಲೇ ಮೊದಲನೇ ತಂತಿಯಲ್ಲಿ 5, 7, 8ನೇ ಫ್ರೆಟ್ ಅಂತ ಇನ್ನೊಂದು ಸಾಲು ಏರುತ್ತೆ, ಆಮೇಲೆ ಥಟ್ಟನೆ 2ನೇ ಫ್ರೆಟ್ಟಿಗೆ ಬೀಳುತ್ತೆ. ನಾವು ರೂಮಿನಲ್ಲಿ ಬರೀ ಕೆಳಗಿನ ಸಾಲು ನುಡಿಸಿದಾಗ ಯಾವ ಹಾಡು ಅಂತ ಯಾರಿಗೂ ಹೇಳೋಕಾಗಲಿಲ್ಲ. ಬರೀ ಮೇಲಿನ ಸಾಲು ನುಡಿಸಿದಾಗ ಬಾಗಿಲ ಹೊರಗೆ ಹೋಗ್ತಿದ್ದವನೂ 'ಸ್ಟೇರ್‌ವೇ' ಅಂದ. ನಾಲ್ಕು ಜನರ ಪರೀಕ್ಷೆ ಸಾಕ್ಷಿ ಆಗಲ್ಲ, ಒಪ್ತೀವಿ. ಆದರೆ ಹಾಡಿನ ಗುರುತು ಎಲ್ಲಿದೆ ಅಂತ ನಮಗಂತೂ ಗೊತ್ತಾಯ್ತು.

ಜ್ಯೂರಿಯೂ ಬಿಡಿಬಿಡಿಯಾಗಿ ಅಳೆಯುವ ಈ ಹಂತದಲ್ಲೇ 'ಹೋಲಿಕೆ ಇಲ್ಲ' ಅಂದಿತು. ಸಾಮಾನ್ಯ ಕೇಳುಗನಿಗೆ ಒಟ್ಟಾರೆ ಹೇಗೆ ಕೇಳಿಸುತ್ತೆ ಅನ್ನೋದು ಅದರ ನಂತರದ ಹಂತ, ಅಲ್ಲಿಗೆ ಹೋಗುವ ಅಗತ್ಯವೇ ಬರಲಿಲ್ಲ. 2018ರಲ್ಲಿ ಮೇಲ್ಮನವಿ ಕೋರ್ಟಿನ ಮೂವರು ನ್ಯಾಯಾಧೀಶರು, ಜ್ಯೂರಿಗೆ ಕೊಟ್ಟ ಸೂಚನೆಗಳಲ್ಲಿ ತಪ್ಪಿದೆ ಅಂತ ತೀರ್ಪು ರದ್ದು ಮಾಡಿದರು. 2020ರ ಮಾರ್ಚ್‌ನಲ್ಲಿ ಅದೇ ಕೋರ್ಟಿನ ದೊಡ್ಡ ಪೀಠ ಮತ್ತೆ ಜ್ಯೂರಿಯ ತೀರ್ಪನ್ನೇ ಎತ್ತಿಹಿಡಿಯಿತು. ಅದೇ ವರ್ಷ ಸುಪ್ರೀಂ ಕೋರ್ಟ್ ಕೇಸು ಕೈಗೆತ್ತಿಕೊಳ್ಳಲಿಲ್ಲ, ಅಲ್ಲಿಗೆ ಮುಗಿಯಿತು.

ದೊಡ್ಡ ಪೀಠ ಮಾಡಿದ ಇನ್ನೊಂದು ಕೆಲಸ ನಮಗೆ ತುಂಬಾ ಇಷ್ಟ. ಅಲ್ಲಿಯವರೆಗೆ ಆ ಕೋರ್ಟಿನಲ್ಲಿ ಒಂದು ಹಳೆಯ ನಿಯಮವಿತ್ತು: ಮೊದಲ ಹಾಡು ಕೇಳಿರುವ ಸಾಕ್ಷಿ ಜಾಸ್ತಿ ಇದ್ದಷ್ಟೂ, ಹೋಲಿಕೆ ಕಮ್ಮಿ ಇದ್ದರೂ ನಡೆಯುತ್ತೆ. ಪೀಠ ಅದನ್ನ ಕಿತ್ತುಹಾಕಿತು. ಈಗ ಎಲ್ಲರ ಫೋನಿನಲ್ಲೂ ಎಲ್ಲ ಹಾಡೂ ಸಿಗುತ್ತೆ. ಆ ನಿಯಮ ಉಳಿದಿದ್ದರೆ ಹೆಚ್ಚು ಜನಪ್ರಿಯ ಹಾಡಿನವರಿಗೆ ಕೇಸು ಗೆಲ್ಲೋದು ಇನ್ನಷ್ಟು ಸುಲಭ ಆಗ್ತಿತ್ತು. ಝೆಪ್ಲಿನ್ ಬೇರೆ ಹಾಡುಗಳಿಗೆ ಹಳಬರ ಹೆಸರು ಸೇರಿಸಬೇಕಾಗಿ ಬಂದಿದೆ ಅನ್ನೋದು ನಿಜ. 'ಹೋಲ್ ಲಾಟಾ ಲವ್'ಗೆ ಬ್ಲೂಸ್ ಗಾಯಕ ವಿಲ್ಲಿ ಡಿಕ್ಸನ್ ಹೆಸರು ಹಾಗೇ ಬಂದಿದ್ದು. ಆದರೆ ಅದು ಆ ಹಾಡಿನ ಲೆಕ್ಕ. ಹೋದ ಸೆಮಿಸ್ಟರ್‌ನಲ್ಲಿ ಕಾಪಿ ಹೊಡೆದವನು ಈ ಸಲವೂ ಹೊಡೆದಿದ್ದಾನೆ ಅಂತ ಪೇಪರ್ ನೋಡದೆ ಹೇಳೋಕಾಗಲ್ಲ.

ಈಗ ನಮ್ಮ ತಕರಾರು. 'ಟಾರಸ್'ಗೆ ಅನ್ವಯವಾಗಿದ್ದು 1909ರ ಕಾಪಿರೈಟ್ ಕಾನೂನು. ಅದರ ಪ್ರಕಾರ ರಕ್ಷಣೆ ಸಿಗೋದು 1967ರಲ್ಲಿ ಕಾಪಿರೈಟ್ ಕಚೇರಿಗೆ ಸಲ್ಲಿಸಿದ್ದ ಸಂಗೀತಲಿಪಿಗೆ ಮಾತ್ರ, ಅದೂ ಒಂದೇ ಒಂದು ಹಾಳೆ. ಆಲ್ಬಂನ ಧ್ವನಿಮುದ್ರಣ ಲೆಕ್ಕಕ್ಕಿಲ್ಲ. ಹಾಗಾಗಿ ಹೋಲಿಕೆ ತೋರಿಸೋಕೆ ಜ್ಯೂರಿಗೆ 'ಟಾರಸ್' ರೆಕಾರ್ಡ್ ಕೇಳಿಸಲೇ ಇಲ್ಲ. ಹಾಳೆಯಲ್ಲಿದ್ದದ್ದನ್ನು ಶಾಸ್ತ್ರಜ್ಞರ ಕಡೆಯವರು ನುಡಿಸಿ ತೋರಿಸಿದರು. ಪೇಜ್‌ಗೆ ರೆಕಾರ್ಡ್ ಕೇಳಿಸುವಾಗ ಜ್ಯೂರಿಯನ್ನ ಹೊರಗೆ ಕಳಿಸಿ, ಆಮೇಲೆ ಅವರೆದುರು ಅವನನ್ನ ಪ್ರಶ್ನೆ ಮಾಡಿದರು.

ಗಿಟಾರ್ ಹಿಡಿದ ಯಾರಿಗಾದರೂ ಇದು ವಿಚಿತ್ರ ಅನ್ನಿಸುತ್ತೆ. ರಾಕ್ ರಿಫ್ ಹುಟ್ಟೋದು ಕೈಯಲ್ಲಿ, ಹಾಳೆಯ ಮೇಲಲ್ಲ. ಯಾವ ತಂತಿ ಎಷ್ಟು ಹೊತ್ತು ಗುಂಯ್‌ಗುಡಬೇಕು, ಎಲ್ಲಿ ಬೆರಳು ಎತ್ತಬೇಕು ಅನ್ನೋದು ಲಿಪಿಯಲ್ಲಿ ಪೂರ್ತಿ ಬರಲ್ಲ. ಲಿಪಿ ಓದೋಕೆ ಬಾರದ ಎಷ್ಟೋ ಒಳ್ಳೆಯ ಗಿಟಾರಿಸ್ಟುಗಳಿದ್ದಾರೆ. ಅವರ ಹಾಡಿಗೆ ಹಾಳೆಯಷ್ಟೇ ಬೆಲೆ ಅಂದರೆ ಅನ್ಯಾಯ. ಕೋರ್ಟು ಹೊಸ ನಿಯಮ ಹುಟ್ಟಿಸಲಿಲ್ಲ, ಹಳೆಯ ಕಾನೂನನ್ನ ಹಾಗೇ ಪಾಲಿಸಿತು, ಅದು ಗೊತ್ತು. ರೆಕಾರ್ಡ್ ಕೇಳಿಸಿದ್ದರೂ ಇಳಿಯುವ ಸಾಲು ಯಾರ ಆಸ್ತಿಯೂ ಆಗ್ತಿರಲಿಲ್ಲ, ಹಾಗಾಗಿ ತೀರ್ಪು ಇದೇ ಬರಬೇಕಿತ್ತು ಅಂತ ನಾವು ನಂಬ್ತೀವಿ. ಆದರೆ ಜ್ಯೂರಿ ಪೂರ್ತಿ ಕೇಳಿ 'ಇಲ್ಲ' ಅಂದಿದ್ದರೆ, ರ‍್ಯಾಂಡಿ ಕಡೆಯವರಿಗೆ ತಮ್ಮ ಮಾತು ಕೇಳಿದರು ಅನ್ನೋ ಸಮಾಧಾನವಾದರೂ ಇರ್ತಿತ್ತು.

ಇದು ಅಮೆರಿಕದ ಕಥೆ ಅಂತ ಬಿಡೋಕಾಗಲ್ಲ. 2022ರಲ್ಲಿ 'ಕಾಂತಾರ'ದ 'ವರಾಹ ರೂಪಂ' ತಮ್ಮ 'ನವರಸಂ' ಹಾಡನ್ನು ಹೋಲುತ್ತೆ ಅಂತ ಕೇರಳದ ರಾಕ್ ಬ್ಯಾಂಡ್ ತೈಕ್ಕುಡಂ ಬ್ರಿಡ್ಜ್ ಕೋರ್ಟಿಗೆ ಹೋಯಿತು. ರಾಗ ಒಂದೇ ಆದ್ದರಿಂದ ಹಾಗೆ ಕೇಳಿಸುತ್ತೆ ಅನ್ನೋದು ಇನ್ನೊಂದು ಕಡೆಯ ಉತ್ತರವಾಗಿತ್ತು. ಆಗ ನಾವೆಲ್ಲ ಎರಡು ಪಾರ್ಟಿ ಆಗಿ ವಾಟ್ಸಾಪ್‌ನಲ್ಲಿ ಕಿತ್ತಾಡಿದ್ವಿ. ಒಬ್ಬರಾದರೂ 'ಎಷ್ಟು ರಾಗದ್ದು, ಎಷ್ಟು ಅವರದ್ದೇ' ಅಂತ ಬಿಡಿಸಿ ನೋಡಲಿಲ್ಲ. ನಮ್ಮ ಹೀರೋ, ನಮ್ಮ ಸಿನಿಮಾ, ಅಷ್ಟೇ.

ಮುಂದಿನ ಸಲ ಯಾರಾದರೂ ಎರಡು ಹಾಡು ಜೋಡಿಸಿದ ರೀಲ್ ಕಳಿಸಿ 'ಕಾಪಿ' ಅಂದಾಗ, ಗಿಟಾರ್ ಇದ್ದವರು ಎರಡನ್ನೂ ಸಾಲು ಸಾಲಾಗಿ ಬಿಡಿಸಿ ನುಡಿಸಿ ನೋಡಿ. ರೂಢಿಯದ್ದನ್ನ ಪಕ್ಕಕ್ಕಿಟ್ಟ ಮೇಲೂ ಏನಾದರೂ ಒಂದೇ ಥರ ಉಳಿದರೆ ನಮ್ಮ ರೂಮಿಗೆ ಬನ್ನಿ, ಆಗ ಜಗಳ ಆಡೋಣ.