ಊಟ ಆದ್ಮೇಲೆ ತಗೊಂಡ್ರೆ ಏನೂ ಆಗಲ್ವಾ?

ನಿಮ್ಮನೇಲಿ ಯಾರಾದ್ರೂ ದಿನಾ ಆಸ್ಪಿರಿನ್ ತಗೋತಾರಾ? ಹಾಗಾದ್ರೆ ಇವತ್ತಿನ ಕ್ಯಾಪ್ಷನ್ ಪೂರ್ತಿ ಓದಿ.

ಸ್ಟೆಂಟ್ ಹಾಕಿದ್ಮೇಲೆ ನಮ್ಮಜ್ಜಿಗೆ ದಿನಕ್ಕೊಂದು 75 ಮಿ.ಗ್ರಾಂ. ಆಸ್ಪಿರಿನ್. ಜೊತೆಗೆ ಮಂಡಿನೋವಿಗೆ ಡೈಕ್ಲೋಫೆನಾಕ್. ಚೀಟಿ ಇಲ್ಲದೇ ಮೆಡಿಕಲ್‌ನಿಂದ ತಂದ್ಕೊಡ್ತಿದ್ದಿದ್ದು ನಾನೇ. "ಊಟ ಆದ್ಮೇಲೆ ತಾನೇ ನುಂಗೋದು, ಏನಾಗಲ್ಲ ಬಿಡೋ" ಅಂತಿದ್ರು. ಹೊಟ್ಟೆನೋವು ಒಂದಿನಾನೂ ಬರ್ಲಿಲ್ಲ. ಎರಡು ತಿಂಗಳಿಗೆ ನಾಲ್ಕು ಮೆಟ್ಟಿಲು ಹತ್ತಿದ್ರೂ ಏದುಸಿರು. ಮಲ ಡಾಂಬರಿನ ಹಾಗೆ ಕಪ್ಪು, ಅಂಟಂಟು. (ಇದನ್ನ ಮೊಮ್ಮಗನ ಹತ್ರ ಯಾವ ಅಜ್ಜಿ ಹೇಳ್ತಾರೆ? ಅಮ್ಮ ಕೇಳಿದ್ಮೇಲೇ ಗೊತ್ತಾಗಿದ್ದು.) ಎಂಡೋಸ್ಕೋಪಿ ಮಾಡಿದ್ರೆ ಜಠರದಲ್ಲಿ ಹುಣ್ಣು, ರಕ್ತ ಜಿನುಗ್ತಿತ್ತು.

ಜಠರದ ಗೋಡೆಯನ್ನ ಅದರದ್ದೇ ಆಮ್ಲದಿಂದ ಕಾಯೋದು ಒಂದು ಲೋಳೆ ಪದರ. ಆ ಪದರ ಉಳೀಬೇಕಂದ್ರೆ ಪ್ರೊಸ್ಟಗ್ಲಾಂಡಿನ್ ಬೇಕು. ಈ ಮಾತ್ರೆಗಳು ರಕ್ತಕ್ಕೆ ಸೇರಿ ಅದನ್ನೇ ತಗ್ಗಿಸ್ತವೆ. ಹಾಗಾಗಿ ಊಟ ಆದ್ಮೇಲೆ ನುಂಗಿದ್ರೂ, ಕೋಟಿಂಗ್ ಇರೋದನ್ನ ನುಂಗಿದ್ರೂ ಅಪಾಯ ಉಳಿದೇ ಇರುತ್ತೆ. ಆಂಟಾಸಿಡ್ ಸಿರಪ್ ಉರಿ ಇಳಿಸುತ್ತೆ ಅಷ್ಟೇ, ಹುಣ್ಣು ತಡೆಯಲ್ಲ.

ನನ್ನ ಪ್ರಕಾರ, 65 ದಾಟಿದವರು, ಹಿಂದೆ ಹುಣ್ಣಾಗಿದ್ದವರು, ಎರಡು ಮಾತ್ರೆ ಒಟ್ಟಿಗೆ ತಗೊಳ್ಳೋರು "ಹೊಟ್ಟೆಗೆ ರಕ್ಷಣೆ ಬೇಕಾ?" ಅಂತ ಡಾಕ್ಟರನ್ನ ಮೊದಲ ದಿನವೇ ಕೇಳ್ಬೇಕು. ಅಜ್ಜಿಗೆ ಈಗ ಪ್ಯಾಂಟೊಪ್ರಜೋಲ್, ದಿನಾ ತಿಂಡಿಗೆ ಅರ್ಧ ಗಂಟೆ ಮುಂಚೆ. ಅದು ಆಮ್ಲ ಹುಟ್ಟೋದನ್ನೇ ತಗ್ಗಿಸುತ್ತೆ. ಆದ್ರೆ ಕರುಳಿನ ಕೆಳಭಾಗ ಕಾಯಲ್ಲ. ಅದಕ್ಕೇ ಡೈಕ್ಲೋಫೆನಾಕ್ ಬಂದ್, ಮಂಡಿಗೆ ಪ್ಯಾರಸಿಟಮಾಲ್.

ಆಸ್ಪಿರಿನ್ ಮಾತ್ರ ಡಾಕ್ಟರೇ ಮತ್ತೆ ಶುರು ಮಾಡಿಸಿದ್ರು. ಹೆದರಿ ನಾವೇ ನಿಲ್ಲಿಸಿದ್ರೆ ಸ್ಟೆಂಟ್‌ನಲ್ಲಿ ರಕ್ತ ಹೆಪ್ಪುಗಟ್ಟಬಹುದಂತೆ.