ಸೀಡ್ ಲಾಕ್ ಮಾಡಿದ್ರೆ ಮುಖ ಲಾಕ್ ಆಗುತ್ತಾ?

"ಸೀಡ್ ನಂಬರ್ ಲಾಕ್ ಮಾಡಿಬಿಡಿ, ಮುಖ ಬದಲಾಗಲ್ಲ" ಅನ್ನೋರು ಸಿಕ್ಕಾಪಟ್ಟೆ ಇದ್ದಾರೆ. ನಾನಂತೂ ಒಪ್ಪಲ್ಲ.

ಅಜ್ಜಿ ಹೇಳುತ್ತಿದ್ದ ಕತೆಗಳಿಗೆ ಅವಳನ್ನೇ ಇಟ್ಟು ಚಿತ್ರ ಮಾಡೋಣ ಅಂತ, ಇದ್ದ ಒಂದೇ ಫೋಟೋವನ್ನು ಐಪಿ-ಅಡಾಪ್ಟರ್ ಮೂಲಕ ಸ್ಟೇಬಲ್ ಡಿಫ್ಯೂಷನ್ 1.5ಕ್ಕೆ ಕೊಟ್ಟೆ. ಸೀಡ್ 1234, ಸ್ಯಾಂಪ್ಲರ್ Euler a, ಗೈಡೆನ್ಸ್ 12. ಬಾವಿಕಟ್ಟೆಯ ಚಿತ್ರದಲ್ಲಿ ಅಜ್ಜಿಯೇ ಬಂದಳು. ಪ್ರಾಂಪ್ಟಿನಲ್ಲಿ ಬಾವಿ ತೆಗೆದು ಅಡುಗೆಮನೆ ಹಾಕಿದೆ ನೋಡಿ, ಯಾರೋ ಪಕ್ಕದೂರಿನ ಮುದುಕಿ!

ಸೀಡ್ ಅಂದ್ರೆ ಚಿತ್ರ ಶುರುವಾಗುವ ನಾಯ್ಸ್ ಅಷ್ಟೇ. ಉಳಿದದ್ದೆಲ್ಲ ಹಾಗೇ ಇದ್ದರೆ ಅದೇ ಚಿತ್ರ ಮತ್ತೆ ಬರುತ್ತೆ, ಒಂದು ಪದ ಬದಲಿಸಿದರೂ ಗ್ಯಾರಂಟಿ ಇಲ್ಲ. ಮುಖ ಹಿಡಿಯುವುದು ಫೋಟೋ, ಸೀಡ್ ಅಲ್ಲ.

Euler a ಹೆಜ್ಜೆ ಹೆಜ್ಜೆಗೂ ಹೊಸ ನಾಯ್ಸ್ ಬೆರೆಸುತ್ತೆ. ಹಾಗಾಗಿ 20 ಸ್ಟೆಪ್ 30 ಮಾಡಿದರೆ ಅದೇ ಸೀಡಿನಲ್ಲೂ ಬೇರೆ ಮುಖ. DPM++ 2M ಹಾಗೆ ಬೆರೆಸಲ್ಲ. ಸ್ಟೆಪ್ ಹೆಚ್ಚಿಸಿದಂತೆ ಚಿತ್ರ ಒಂದು ಕಡೆ ನೆಲೆ ನಿಲ್ಲುತ್ತೆ. ಗೈಡೆನ್ಸ್ 12 ಇದ್ದಾಗ ಸುಕ್ಕು, ಮೂಗು ಎಲ್ಲಾ ಅತಿಯಾಗಿ, ಅಜ್ಜಿ ವ್ಯಂಗ್ಯಚಿತ್ರದ ಥರ ಆಗಿದ್ದಳು. 5ಕ್ಕೆ ಇಳಿಸಿದ ಮೇಲೆ ಸರಿಹೋಯ್ತು.

ಈಗ ನನ್ನ ಪರೀಕ್ಷೆ ಉಲ್ಟಾ. ಬೇರೆಲ್ಲ ಹಾಗೇ ಬಿಟ್ಟು, ಬೇಕಂತಲೇ ನಾಲ್ಕು ಸೀಡ್ ಹಾಕಿ ಅಮ್ಮನಿಗೆ ತೋರಿಸ್ತೀನಿ. ನಾಲ್ಕರಲ್ಲೂ ಅವರಮ್ಮ ಕಂಡರೆ ಸೆಟ್ಟಿಂಗ್ ಗಟ್ಟಿ. ಒಂದರಲ್ಲಿ ಮಾತ್ರ ಕಂಡರೆ ಅದು ಲಾಟರಿ. ಆಮೇಲಷ್ಟೇ ಸೀಡ್ ಲಾಕ್.

ಪಕ್ಕಕ್ಕೆ ತಿರುಗಿದ ಮುಖ ಮಾತ್ರ ಇನ್ನೂ ಕೂತಿಲ್ಲ. ಇರೋದು ಎದುರಿಗೆ ತೆಗೆಸಿದ ಫೋಟೋ, ಪಕ್ಕದ ಮೂಗನ್ನು ಮಾಡೆಲ್ ಊಹಿಸುತ್ತೆ. "ಇದು ನಮ್ಮಮ್ಮನ ಮೂಗಲ್ಲ ಕಣೋ" ಅಂತಾರೆ ಅಮ್ಮ.